ಪಿಯಾಜೆಯ ಹಂತಗಳು ಮತ್ತು ನೀರಿನ ಲೋಟದ ಪರೀಕ್ಷೆ: ಪದೇ ಪದೇ ಕೇಳುವ ಪ್ರಶ್ನೆಗಳು

ಪಿಯಾಜೆ ಮಕ್ಕಳ ತಪ್ಪು ಉತ್ತರಗಳಿಗೆ ಅಷ್ಟೊಂದು ಮಹತ್ವ ಕೊಟ್ಟದ್ದೇಕೆ?

ಸ್ವಿಟ್ಜರ್ಲೆಂಡಿನ ಝಾನ್ ಪಿಯಾಜೆ (1896–1980) ಮೊದಲು ಓದಿದ್ದು ಮನೋವಿಜ್ಞಾನವನ್ನಲ್ಲ. ಅವರು ಡಾಕ್ಟರೇಟ್ ಪಡೆದದ್ದು ಬಸವನಹುಳುವಿನಂಥ ಮೃದ್ವಂಗಿಗಳ ಅಧ್ಯಯನಕ್ಕಾಗಿ. ಆಮೇಲೆ ಪ್ಯಾರಿಸ್ಸಿನಲ್ಲಿ ತೆಯೊಡೋರ್ ಸಿಮೋನ್ ಅವರ ಜೊತೆ, ಮಕ್ಕಳಿಗಾಗಿ ರೂಪಿಸಿದ್ದ ತರ್ಕದ ಪರೀಕ್ಷೆಗಳನ್ನು ಒರೆಗೆ ಹಚ್ಚುವ ಕೆಲಸ ಅವರ ಪಾಲಿಗೆ ಬಂತು. ಎಷ್ಟು ಉತ್ತರ ಸರಿ, ಎಷ್ಟು ತಪ್ಪು ಎಂದು ಎಣಿಸಿ ಬರೆದಿಡುವುದಷ್ಟೇ ಆ ಕೆಲಸ. ಅವರ ಗಮನ ಸೆಳೆದದ್ದು ಬೇರೆಯೇ ಸಂಗತಿ: ಒಂದೇ ವಯಸ್ಸಿನ ಆಸುಪಾಸಿನ ಮಕ್ಕಳು ಒಂದೇ ಬಗೆಯಲ್ಲಿ ತಪ್ಪುತ್ತಿದ್ದರು. ಅರಿವಿನ ಕೊರತೆಯಷ್ಟೇ ಕಾರಣವಾಗಿದ್ದರೆ ತಪ್ಪುಗಳು ಮನಬಂದಂತೆ ಚದುರಿರಬೇಕಿತ್ತು. ಹಾಗಿಲ್ಲವೆಂದರೆ ಆ ತಪ್ಪಿನ ಹಿಂದೆ ಮಗುವಿನದೇ ಆದ ಒಂದು ತರ್ಕವಿದೆ ಎಂದು ಅವರು ಊಹಿಸಿದರು. 1921ರಲ್ಲಿ ಜಿನೀವಾಕ್ಕೆ ಬಂದ ಮೇಲಿನ ಅವರ ಜೀವಮಾನದ ಕೆಲಸವೆಲ್ಲ ಈ ಊಹೆಯ ಬೆನ್ನು ಹತ್ತಿದ್ದೇ ಆಗಿದೆ.

ಮಗುವಿನ ಯೋಚನೆ ಬೆಳೆಯುವುದರಲ್ಲಿ ಪಿಯಾಜೆ ಗುರುತಿಸಿದ ನಾಲ್ಕು ಹಂತಗಳು ಯಾವುವು?

ಹುಟ್ಟಿನಿಂದ ಸುಮಾರು 2 ವರ್ಷದವರೆಗಿನದು ಸಂವೇದನಾ-ಚಾಲಕ ಹಂತ. ಇಲ್ಲಿ ಮಗು ನೋಡುವುದು, ಹಿಡಿಯುವುದು, ಚೀಪುವುದು, ಎಸೆಯುವುದು ಇವುಗಳ ಮೂಲಕವೇ ಲೋಕವನ್ನು ಅರಿಯುತ್ತದೆ. 2ರಿಂದ 7ರವರೆಗಿನದು ಪೂರ್ವ ಕಾರ್ಯಾಚರಣೆಯ ಹಂತ. ಮಾತು, ಚಿತ್ರ, ನಟನೆಯ ಆಟ ಎಲ್ಲವೂ ಬರುತ್ತವೆ, ಆದರೆ ವಿಚಾರವು ಕಣ್ಣಿಗೆ ಕಂಡದ್ದಕ್ಕೆ ಕಟ್ಟುಬಿದ್ದಿರುತ್ತದೆ. 7ರಿಂದ 11ರವರೆಗಿನ ಮೂರ್ತ ಕಾರ್ಯಾಚರಣೆಯ ಹಂತದಲ್ಲಿ ಮಗು ಎದುರಿಗಿರುವ ವಸ್ತುಗಳ ಬಗ್ಗೆ ತರ್ಕಬದ್ಧವಾಗಿ ಯೋಚಿಸಬಲ್ಲದು. 11 ಅಥವಾ 12ರ ನಂತರದ್ದು ಔಪಚಾರಿಕ ಕಾರ್ಯಾಚರಣೆಯ ಹಂತ. ಕೆಲವು ಪುಸ್ತಕಗಳು ಇದನ್ನು ಅಮೂರ್ತ ಚಿಂತನೆಯ ಹಂತ ಎನ್ನುತ್ತವೆ.

ಪರೀಕ್ಷೆಗೆ ಓದುವವರು ಸಾಮಾನ್ಯವಾಗಿ ಬಾಯಿಪಾಠ ಮಾಡುವುದು ಇಷ್ಟನ್ನೇ. ಆದರೆ ಪಿಯಾಜೆಯ ವಾದದಲ್ಲಿ ವಯಸ್ಸಿನ ಅಂಕಿಗಳಿಗೆ ಇದ್ದ ಸ್ಥಾನ ಚಿಕ್ಕದು. ಅವು ಜಿನೀವಾದ ಮಕ್ಕಳಲ್ಲಿ ಕಂಡ ಸರಾಸರಿ ಮಾತ್ರ. ಅವರು ಪಟ್ಟು ಹಿಡಿದದ್ದು ಎರಡು ಮಾತಿಗೆ: ಹಂತಗಳ ಅನುಕ್ರಮ ಬದಲಾಗದು, ಮತ್ತು ಒಂದೊಂದು ಹಂತವೂ ಒಂದು ಇಡಿಯಾದ ರಚನೆ, ಅಂದರೆ ಮಗು ಒಂದು ಹಂತಕ್ಕೆ ಬಂತೆಂದರೆ ಅದರ ಯೋಚನೆಯ ರೀತಿಯೇ ಒಟ್ಟಾಗಿ ಬದಲಾಗುತ್ತದೆ. ಇಂದು ಹೆಚ್ಚು ಪೆಟ್ಟು ತಿಂದಿರುವುದು ಈ ಎರಡನೆಯ ಮಾತು. ಅದು ಹೇಗೆಂಬುದನ್ನು ನೋಡಲು ಒಂದೇ ಪರೀಕ್ಷೆಯನ್ನು ಹತ್ತಿರದಿಂದ ಗಮನಿಸುವುದು ಒಳ್ಳೆಯದು. ಈ ಪುಟದ ಹೆಚ್ಚಿನ ಭಾಗ ಅದರ ಬಗ್ಗೆಯೇ ಇದೆ.

ನೀರಿನ ಲೋಟದ ಪರೀಕ್ಷೆಯನ್ನು ಸರಿಯಾಗಿ ಮಾಡುವುದು ಹೇಗೆ?

ಇದಕ್ಕೆ ಸಂರಕ್ಷಣೆಯ ಪರೀಕ್ಷೆ ಎಂದು ಹೆಸರು. ಆಕಾರ ಬದಲಾದರೂ ಪ್ರಮಾಣ ಉಳಿದುಕೊಳ್ಳುತ್ತದೆ ಎಂಬ ತಿಳಿವಳಿಕೆಯೇ ಇಲ್ಲಿ ಸಂರಕ್ಷಣೆ. ಒಂದೇ ಅಳತೆಯ ಎರಡು ಗಾಜಿನ ಲೋಟಗಳು ಮತ್ತು ಅವುಗಳಿಗಿಂತ ಸಪೂರವಾದ, ಎತ್ತರದ ಇನ್ನೊಂದು ಲೋಟ ಬೇಕು. ಮೊದಲ ಎರಡರಲ್ಲೂ ಸಮನಾಗಿ ನೀರು ತುಂಬಬೇಕು. ಸಮವಾಗಿದೆ ಎಂದು ಮಗುವೇ ಒಪ್ಪುವ ತನಕ ಹನಿ ಹನಿಯಾಗಿ ಸೇರಿಸುತ್ತಲೋ ತೆಗೆಯುತ್ತಲೋ ಹೋಗಬೇಕು. ಈ ಒಪ್ಪಿಗೆ ಸಿಗದೆ ಮುಂದುವರಿದರೆ ಬಂದ ಉತ್ತರಕ್ಕೆ ಯಾವ ಬೆಲೆಯೂ ಇಲ್ಲ. ಆಮೇಲೆ ಮಗು ನೋಡುತ್ತಿರುವಂತೆಯೇ ಒಂದರ ನೀರನ್ನು ಸಪೂರ ಲೋಟಕ್ಕೆ ಸುರಿಯಬೇಕು. 5 ವರ್ಷದ ಮಗುವಿನೊಡನೆ ಮಾತು ಹೆಚ್ಚುಕಡಿಮೆ ಹೀಗೆ ಸಾಗುತ್ತದೆ:

"ಈಗ ಎರಡರಲ್ಲೂ ನೀರು ಅಷ್ಟಷ್ಟೇ ಇದೆಯಾ, ಇಲ್ಲಾ ಒಂದರಲ್ಲಿ ಜಾಸ್ತಿ ಇದೆಯಾ?"

"ಇದರಲ್ಲಿ ಜಾಸ್ತಿ."

"ಹೌದಾ? ಯಾಕೆ ಹಾಗೆ ಅನ್ನಿಸಿತು ನಿನಗೆ?"

"ಇದು ಮೇಲೆ ತನಕ ಬಂದಿದೆ."

"ಆದರೆ ಇನ್ನೊಂದು ಮಗು, ಈ ಲೋಟ ಅಗಲ ಇದೆಯಲ್ಲ, ಅದಕ್ಕೆ ಎರಡೂ ಅಷ್ಟೇ ಅಂದಿತ್ತು. ಅದು ಹೇಳಿದ್ದು ಸರಿಯಾ?"

"ಇಲ್ಲ, ಅದಕ್ಕೆ ಗೊತ್ತಿಲ್ಲ."

ಕೊನೆಯ ಪ್ರಶ್ನೆ ಸುಮ್ಮನೆ ಕೇಳಿದ್ದಲ್ಲ. ಮಗುವಿನ ಉತ್ತರಕ್ಕೆ ಎದುರಾದ ಮಾತನ್ನು ಮುಂದಿಟ್ಟು, ಅದು ತನ್ನ ನಿಲುವಿಗೆ ಅಂಟಿಕೊಳ್ಳುತ್ತದೋ ವಾಲುತ್ತದೋ ಎಂದು ನೋಡುವುದು ಜಿನೀವಾ ಪದ್ಧತಿಯ ಜೀವಾಳ. ಸರಿ ಉತ್ತರ ಕೊಟ್ಟ ಮಗುವಿಗೂ ಇದೇ ರೀತಿ ಎದುರು ಮಾತು ಹೇಳಬೇಕು, ಮತ್ತು ಕಾರಣ ಕೇಳಬೇಕು. ಸ್ವೀಕಾರಾರ್ಹವಾದ ಕಾರಣಗಳು ಮೂರು ಬಗೆಯವು. "ಏನೂ ಹಾಕಲಿಲ್ಲ, ಏನೂ ತೆಗೆಯಲಿಲ್ಲ" ಎನ್ನುವುದು ಮೊದಲನೆಯದು. "ಇದು ಎತ್ತರ, ಆದರೆ ಸಪೂರ" ಎಂದು ಎರಡು ಅಳತೆಗಳನ್ನು ತೂಗಿ ಹೇಳುವುದು ಎರಡನೆಯದು. "ತಿರುಗಿ ಆ ಲೋಟಕ್ಕೆ ಸುರಿದರೆ ಮೊದಲಿನಷ್ಟೇ ಆಗುತ್ತದೆ" ಎನ್ನುವುದು ಮೂರನೆಯದು.

ಎಲ್ಲ ಮಕ್ಕಳೂ ಹೌದು-ಇಲ್ಲ ಎಂಬ ಎರಡು ಗುಂಪಿಗೆ ಸೇರುವುದಿಲ್ಲ. ಲೋಟಗಳ ಎತ್ತರದಲ್ಲಿ ವ್ಯತ್ಯಾಸ ಕಡಿಮೆಯಿದ್ದರೆ "ಅಷ್ಟೇ" ಎಂದು, ವ್ಯತ್ಯಾಸ ಹೆಚ್ಚಾದರೆ "ಜಾಸ್ತಿ" ಎಂದು ಹೇಳುವ ಮಕ್ಕಳಿದ್ದಾರೆ. ಇವರನ್ನು ಪಿಯಾಜೆಯೇ ನಡುವಿನ ಗುಂಪೆಂದು ಬೇರೆಯಾಗಿ ಗುರುತಿಸಿದ್ದರು. ಪಠ್ಯಪುಸ್ತಕಗಳ ಸಾರಾಂಶದಲ್ಲಿ ಮೊದಲು ಕಳೆದುಹೋಗುವುದು ಈ ಗುಂಪೇ.

ಮಗು "ಜಾಸ್ತಿ" ಎನ್ನುವುದಕ್ಕೆ ಪಿಯಾಜೆ ಕೊಟ್ಟ ವಿವರಣೆ ಏನು?

ಮಗು ಒಂದೇ ಅಳತೆಯನ್ನು, ಇಲ್ಲಿ ನೀರಿನ ಎತ್ತರವನ್ನು, ಹಿಡಿದುಕೊಂಡು ಉಳಿದದ್ದನ್ನು ಬಿಟ್ಟುಬಿಡುತ್ತದೆ. ಅದಲ್ಲದೆ ಸುರಿಯುವ ಕ್ರಿಯೆಯನ್ನು ಮನಸ್ಸಿನಲ್ಲೇ ಹಿಂದಕ್ಕೆ ತಿರುಗಿಸಿ ನೋಡಲು ಅದಕ್ಕೆ ಬಾರದು. ಕೂಡುವುದಕ್ಕೆ ಕಳೆಯುವುದು ಹೇಗೆ ಎದುರುಕ್ರಿಯೆಯೋ ಹಾಗೆ, ಮನಸ್ಸಿನೊಳಗೆ ಮಾಡಿ, ಮಾಡಿದ್ದನ್ನು ಅಲ್ಲೇ ರದ್ದುಪಡಿಸಬಲ್ಲ ಕ್ರಿಯೆಗೆ ಪಿಯಾಜೆ ಕಾರ್ಯಾಚರಣೆ ಎಂದರು. ಹಂತಗಳ ಹೆಸರಿನಲ್ಲಿರುವ ಆ ಶಬ್ದದ ಅರ್ಥ ಇದೇ. ಮಗುವಿಗೆ ನೆನಪಿನ ಕೊರತೆಯಿದೆ ಎಂದು ಅವರು ಹೇಳಲಿಲ್ಲ ಎಂಬುದನ್ನು ಗಮನಿಸಬೇಕು. ಅದೇ ನೀರೇ ಸುರಿದದ್ದು ಎಂದು ಮಗುವಿಗೆ ಚೆನ್ನಾಗಿ ಗೊತ್ತಿರುತ್ತದೆ, ಹಾಗೆಂದು ಹೇಳುತ್ತದೆ ಕೂಡ. ಆದರೂ ಈಗ ಜಾಸ್ತಿಯಾಗಿದೆ ಎನ್ನುತ್ತದೆ.

ಎಲ್ಲ ಬಗೆಯ ಸಂರಕ್ಷಣೆಯೂ ಒಟ್ಟಿಗೇ ಬರುತ್ತದೆಯೆ?

ಇಲ್ಲ. ಹಂತದ ವಾದದ ಮೊದಲ ಬಿರುಕು ಕಾಣಿಸುವುದು ಇಲ್ಲಿ, ಅದೂ ಪಿಯಾಜೆಯ ಸ್ವಂತ ಮಾಹಿತಿಯಲ್ಲೇ. ಎರಡು ಸಾಲು ಬಿಲ್ಲೆಗಳಲ್ಲಿ ಒಂದನ್ನು ಅಗಲಿಸಿಟ್ಟರೂ ಎಣಿಕೆ ಬದಲಾಗದು ಎಂಬ ತಿಳಿವಳಿಕೆ ಸುಮಾರು 6–7 ವರ್ಷಕ್ಕೆ ಬರುತ್ತದೆ. ಮಣ್ಣಿನ ಉಂಡೆಯನ್ನು ಕೋಲಿನಂತೆ ಹೊಸೆದರೂ ಮಣ್ಣು ಅಷ್ಟೇ ಎಂಬುದು 7–8ರ ಸುಮಾರಿಗೆ. ಅದೇ ಉಂಡೆಯ ತೂಕವೂ ಅಷ್ಟೇ ಎಂಬುದು 9–10ರ ಹೊತ್ತಿಗೆ. ಅದನ್ನು ನೀರಿನಲ್ಲಿ ಮುಳುಗಿಸಿದರೆ ಮೇಲೇರುವ ನೀರಿನ ಮಟ್ಟವೂ ಅಷ್ಟೇ ಎಂಬುದು 11–12ಕ್ಕೆ.

ಉಂಡೆ ಒಂದೇ, ಹೊಸೆದ ಕೈ ಒಂದೇ, ಬೇಕಾದ ತರ್ಕವೂ ಒಂದೇ: ಏನೂ ಸೇರಲಿಲ್ಲ, ಏನೂ ಹೋಗಲಿಲ್ಲ. ಎಂಟು ವರ್ಷದ ಮಗು ಮಣ್ಣಿನ ವಿಷಯದಲ್ಲಿ ಈ ಕಾರಣವನ್ನು ಸ್ಪಷ್ಟವಾಗಿ ಹೇಳಿ, ಮರುಕ್ಷಣ ತೂಕದ ವಿಷಯದಲ್ಲಿ "ಕೋಲು ಹಗುರ, ಯಾಕೆಂದರೆ ತೆಳ್ಳಗಿದೆ" ಎನ್ನಬಹುದು. ಇಡೀ ರಚನೆಯೇ ಒಟ್ಟಾಗಿ ಬದಲಾಗುವುದಾದರೆ ಇದು ಹೇಗೆ ಸಾಧ್ಯ? ಪಿಯಾಜೆ ಈ ಅಂತರಕ್ಕೆ ಫ್ರೆಂಚಿನಲ್ಲಿ 'ದೆಕಲಾಜ್' ಎಂದು ಹೆಸರಿಟ್ಟರು. ಕೆಲವು ವಸ್ತುಗುಣಗಳು ತರ್ಕಕ್ಕೆ ಹೆಚ್ಚು ಪ್ರತಿರೋಧ ಒಡ್ಡುತ್ತವೆ ಎಂಬುದು ಅವರ ಸಮಾಧಾನ. ನನ್ನ ಮಟ್ಟಿಗೆ ಇದು ಸಮಸ್ಯೆಗೆ ಹೆಸರು ಕೊಟ್ಟದ್ದೇ ಹೊರತು ಬಿಡಿಸಿದ್ದಲ್ಲ.

ಮಗು ತಪ್ಪುವುದು ಪ್ರಶ್ನೆ ಕೇಳಿದ ರೀತಿಯಿಂದಲೇ ಇರಬಹುದಲ್ಲವೆ?

ಈ ಅನುಮಾನಕ್ಕೆ ಬಲವಾದ ಆಧಾರಗಳಿವೆ. ಸುರಿಯುವ ಮೊದಲು ಒಮ್ಮೆ, ಸುರಿದ ಮೇಲೆ ಮತ್ತೊಮ್ಮೆ, ಅದೇ ಪ್ರಶ್ನೆಯನ್ನು ಅದೇ ದೊಡ್ಡವರು ಕೇಳುತ್ತಾರೆ. ಮೊದಲು ಕೊಟ್ಟ ಉತ್ತರ ತಪ್ಪಿದ್ದಾಗಲೇ ದೊಡ್ಡವರು ಪ್ರಶ್ನೆಯನ್ನು ತಿರುಗಿ ಕೇಳುವುದು ಎಂಬುದು ಮಕ್ಕಳ ಅನುಭವ. ಜೊತೆಗೆ, ನಡುವೆ ಆ ದೊಡ್ಡವರು ಗಂಭೀರವಾಗಿ ಏನನ್ನೋ ಬದಲಿಸಿದ್ದಾರೆ. ಹಾಗಿದ್ದ ಮೇಲೆ ಉತ್ತರವೂ ಬದಲಾಗಬೇಕು ಎಂದು ಮಗು ಭಾವಿಸಿದರೆ ಅದನ್ನು ದಡ್ಡತನ ಎನ್ನಲಾಗದು. 1974ರಲ್ಲಿ ಸೂಸನ್ ರೋಸ್ ಮತ್ತು ಮೇರಿಯನ್ ಬ್ಲ್ಯಾಂಕ್ ಮೊದಲ ಪ್ರಶ್ನೆಯನ್ನು ಕೈಬಿಟ್ಟು ಕೊನೆಯಲ್ಲಿ ಮಾತ್ರ ಕೇಳಿದಾಗ ಆರು ವರ್ಷದ ಮಕ್ಕಳ ತಪ್ಪುಗಳು ಕಡಿಮೆಯಾದವು.

ಅದೇ ವರ್ಷ ಜೇಮ್ಸ್ ಮೆಕ್‌ಗ್ಯಾರಿಗಲ್ ಮತ್ತು ಮಾರ್ಗರೆಟ್ ಡೊನಾಲ್ಡ್‌ಸನ್ ಮಾಡಿದ ಪ್ರಯೋಗ ಇನ್ನೂ ಪ್ರಸಿದ್ಧ. ಬಿಲ್ಲೆಗಳ ಸಾಲನ್ನು ಪ್ರಯೋಗ ಮಾಡುವವರು ಅಗಲಿಸಲಿಲ್ಲ. ಪೆಟ್ಟಿಗೆಯೊಳಗಿಂದ ಒಂದು ತುಂಟ ಕರಡಿ ಗೊಂಬೆ ನುಗ್ಗಿ ಬಂದು, ಆಟ ಕೆಡಿಸುವವರ ಹಾಗೆ ಸಾಲನ್ನು ಕಲಕಿಬಿಟ್ಟಿತು. ಆಮೇಲೆ ಪ್ರಶ್ನೆ. 4ರಿಂದ 6 ವರ್ಷದ 80 ಮಕ್ಕಳಲ್ಲಿ ಸಾಂಪ್ರದಾಯಿಕ ರೀತಿಯಲ್ಲಿ ಕೇಳಿದಾಗ ಸಂಖ್ಯೆ ಬದಲಾಗಿಲ್ಲವೆಂದವರು ಸುಮಾರು ಶೇ 16. ಕರಡಿ ಕಲಕಿದಾಗ ಶೇ 60ಕ್ಕೂ ಹೆಚ್ಚು. ಮಗುವಿಗೆ ಬಾರದೇ ಇದ್ದದ್ದು ತರ್ಕವಲ್ಲ, ದೊಡ್ಡವರ ಉದ್ದೇಶವನ್ನು ಅದು ಅರ್ಥಮಾಡಿಕೊಂಡ ರೀತಿಯೇ ಬೇರೆ ಎಂಬುದು ಡೊನಾಲ್ಡ್‌ಸನ್ ಅವರ ವಾದ.

ಹಾಗಾದರೆ ಪಿಯಾಜೆ ತಪ್ಪೆಂದು ಸಾಬೀತಾಯಿತೆ?

ಅಷ್ಟು ಬೇಗ ಹಾಗೆನ್ನಲಾಗದು. ಈ ಕತೆಯ ಮುಂದಿನ ಭಾಗವನ್ನು ಹೇಳದೆ ಬಿಡುವುದು ವಾಡಿಕೆಯಾಗಿದೆ. 1986ರಲ್ಲಿ ಕ್ರಿಸ್ ಮೂರ್ ಮತ್ತು ಡಗ್ಲಸ್ ಫ್ರೈ ಒಂದು ಸರಳ ಅನುಮಾನ ಎತ್ತಿದರು: ಕರಡಿಯ ಗಲಾಟೆಯಲ್ಲಿ ಮಕ್ಕಳ ಗಮನ ಬಿಲ್ಲೆಗಳಿಂದಲೇ ದೂರ ಸರಿದಿದ್ದರೆ? ಏನಾಯಿತೆಂದು ನೋಡದ ಮಗು ಮೊದಲಿನ ಉತ್ತರವನ್ನೇ ತಿರುಗಿ ಹೇಳಬಹುದು, ಅದು ಅಕಸ್ಮಾತ್ತಾಗಿ ಸರಿ ಉತ್ತರವೂ ಆಗಿರುತ್ತದೆ. ಇದನ್ನು ಪರೀಕ್ಷಿಸಲು ಅವರು ಗೊಂಬೆಯ ಕೈಯಿಂದಲೇ ಸಂಖ್ಯೆಯನ್ನು ನಿಜವಾಗಿ ಬದಲಿಸಿದ ಸಂದರ್ಭವನ್ನೂ ಸೇರಿಸಿದರು. ಅಲ್ಲಿ ಮಕ್ಕಳು ಸಾಂಪ್ರದಾಯಿಕ ರೀತಿಯಲ್ಲಿ ಕೇಳಿದಾಗಿಗಿಂತ ಹೆಚ್ಚು ತಪ್ಪಿದರು. ಅಂದರೆ ಕರಡಿಯಿಂದ ಸುಧಾರಿಸಿದ ಅಂಕಗಳಲ್ಲಿ ಒಂದು ಪಾಲಾದರೂ ಗಮನ ತಪ್ಪಿದ್ದರಿಂದ ಬಂದದ್ದು.

ಹೀಗಾಗಿ ಎರಡೂ ಕಡೆ ಜಾಗ್ರತೆ ಬೇಕು. ಸಾಂಪ್ರದಾಯಿಕ ಪರೀಕ್ಷೆ ಮಗುವಿನ ಸಾಮರ್ಥ್ಯವನ್ನು ಕಡಿಮೆ ಎಣಿಸುತ್ತದೆ. ಸುಲಭಗೊಳಿಸಿದ ಪರೀಕ್ಷೆ ಕೆಲವೊಮ್ಮೆ ಹೆಚ್ಚು ಎಣಿಸುತ್ತದೆ. ಮಕ್ಕಳು ಆ ತಪ್ಪನ್ನು ಮಾಡುತ್ತಾರೆ ಎಂಬ ವೀಕ್ಷಣೆಯನ್ನು ಇಂದಿಗೂ ಯಾರೂ ಅಲ್ಲಗಳೆದಿಲ್ಲ. ಲೋಟ ಹಿಡಿದು ಕುಳಿತರೆ ಐದು ವರ್ಷದ ಮಗುವಿನಿಂದ ಸಾಮಾನ್ಯವಾಗಿ ಅದೇ ಉತ್ತರ ಬರುತ್ತದೆ. ವಿವಾದ ಇರುವುದು ಆ ತಪ್ಪು ಏನನ್ನು ಸೂಚಿಸುತ್ತದೆ ಎಂಬುದರ ಬಗ್ಗೆ.

ಎಳೆಗೂಸುಗಳ ಬಗ್ಗೆ ಪಿಯಾಜೆ ಹೇಳಿದ್ದು ಈಗಲೂ ನಿಲ್ಲುತ್ತದೆಯೆ?

ಭಾಗಶಃ ಮಾತ್ರ. ಸುಮಾರು 8 ತಿಂಗಳವರೆಗೆ ಮಗುವಿನ ಮುಂದಿನ ಆಟಿಕೆಯ ಮೇಲೆ ಬಟ್ಟೆ ಮುಚ್ಚಿದರೆ ಅದು ಹುಡುಕುವುದಿಲ್ಲ; ಕಾಣದ ವಸ್ತು ಮಗುವಿನ ಪಾಲಿಗೆ ಇಲ್ಲವೇ ಇಲ್ಲ ಎಂದು ಪಿಯಾಜೆ ತೀರ್ಮಾನಿಸಿದರು. ಆದರೆ ಹುಡುಕಲು ಕೈ ಚಾಚಬೇಕು, ಬಟ್ಟೆ ಎತ್ತಬೇಕು. ಕೈಯ ಕೆಲಸ ಬೇಡದಂತೆ, ನೋಟದ ಅವಧಿಯನ್ನು ಮಾತ್ರ ಅಳೆದ ರೆನೆ ಬೈಯಾರ್ಜನ್ ಮತ್ತು ಸಂಗಡಿಗರು 1980ರ ದಶಕದಲ್ಲಿ ಬೇರೆ ಚಿತ್ರ ಕೊಟ್ಟರು. ಹಿಂದೆ ಒಂದು ಪೆಟ್ಟಿಗೆ ಅಡ್ಡವಿದ್ದರೂ ತೆರೆಯೊಂದು ಅದರ ಮೂಲಕವೇ ಹಾದು ಪೂರ್ತಿ ಹಿಂದಕ್ಕೆ ಮಡಚಿಕೊಂಡಂತೆ ತೋರಿಸಿದಾಗ, ನಾಲ್ಕೈದು ತಿಂಗಳ ಶಿಶುಗಳು ಆ ಅಸಾಧ್ಯ ದೃಶ್ಯವನ್ನು ಹೆಚ್ಚು ಹೊತ್ತು ನೋಡಿದವು. ಇದರಿಂದ ಪೆಟ್ಟಿಗೆ ಅಲ್ಲೇ ಇದೆ ಎಂದು ಅವುಗಳಿಗೆ ತಿಳಿದಿತ್ತು ಎಂದರು. ಹೆಚ್ಚು ಹೊತ್ತು ನೋಡುವುದಕ್ಕೆ ತೆರೆಯ ಚಲನೆಯ ಪರಿಚಯ ಅಥವಾ ಹೊಸತನದಂಥ ಬೇರೆ ಕಾರಣಗಳೂ ಇರಬಹುದೆಂಬ ಆಕ್ಷೇಪವೂ ಬಂದಿದೆ, ಮತ್ತು ಆ ಚರ್ಚೆ ಇನ್ನೂ ಮುಗಿದಿಲ್ಲ.

ಹದಿಹರೆಯದಲ್ಲಿ ಎಲ್ಲರೂ ಔಪಚಾರಿಕ ಹಂತ ತಲುಪುತ್ತಾರೆಯೆ?

ತಲುಪುವುದಿಲ್ಲ, ಮತ್ತು ಇದನ್ನು ಪಿಯಾಜೆಯೇ 1972ರಲ್ಲಿ ಬರೆದ ಲೇಖನದಲ್ಲಿ ಬಹುಮಟ್ಟಿಗೆ ಒಪ್ಪಿಕೊಂಡರು. ಲೋಲಕದ ವೇಗ ದಾರದ ಉದ್ದದಿಂದ ನಿರ್ಧಾರವಾಗುತ್ತದೋ, ಗುಂಡಿನ ತೂಕದಿಂದಲೋ, ತಳ್ಳಿದ ರಭಸದಿಂದಲೋ ಎಂದು ಕಂಡುಹಿಡಿಯಲು ಒಂದೊಂದೇ ಅಂಶವನ್ನು ಬದಲಿಸಿ ಉಳಿದವನ್ನು ಹಾಗೇ ಇಡಬೇಕು. ಈ ಕ್ರಮ ಓದಿದ ವಯಸ್ಕರಲ್ಲೂ ಎಲ್ಲರಿಗೆ ಸಹಜವಾಗಿ ಬರುವುದಿಲ್ಲ. ಅಂಥ ಚಿಂತನೆ 15ರಿಂದ 20ರ ನಡುವೆ ಬರಬಹುದು, ಅದೂ ಅವರವರ ಒಲವಿನ ಮತ್ತು ವೃತ್ತಿಯ ಕ್ಷೇತ್ರದಲ್ಲಿ ಮಾತ್ರ ಕಾಣಿಸಬಹುದು ಎಂದು ಅವರು ಸಡಿಲಿಸಿದರು. ಸರಕು ಸಾಗಣೆಯ ವಾಹನದ ದೋಷ ಹುಡುಕುವಾಗ ಒಂದೊಂದೇ ಭಾಗವನ್ನು ಬೇರ್ಪಡಿಸಿ ನೋಡುವ ಮೆಕ್ಯಾನಿಕ್ ಪ್ರಯೋಗಾಲಯದ ಲೋಲಕದ ಮುಂದೆ ಎಡವಬಹುದು. ಹಾಗೆ ಒಪ್ಪಿದ ಮೇಲೆ, ಕ್ಷೇತ್ರದಿಂದ ಕ್ಷೇತ್ರಕ್ಕೆ ಬದಲಾಗುವುದನ್ನು ಹಂತ ಎಂದು ಕರೆಯುವುದರಲ್ಲಿ ಅರ್ಥ ಎಷ್ಟು ಉಳಿಯುತ್ತದೆ ಎಂಬ ಪ್ರಶ್ನೆ ಸಹಜ.

ಬೇರೆ ಬೇರೆ ಸಮಾಜಗಳ ಮಕ್ಕಳಲ್ಲೂ ಇದೇ ಕ್ರಮ ಕಾಣುತ್ತದೆಯೆ?

ಕ್ರಮ ಬಹುಮಟ್ಟಿಗೆ ಕಾಣುತ್ತದೆ, ವಯಸ್ಸು ಬಹಳ ವ್ಯತ್ಯಾಸವಾಗುತ್ತದೆ, ಮತ್ತು ಮಗುವಿನ ದಿನನಿತ್ಯದ ಕೆಲಸಕ್ಕೆ ಅದರಲ್ಲಿ ದೊಡ್ಡ ಪಾತ್ರವಿದೆ. 1969ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಮೆಕ್ಸಿಕೋದ ಕುಂಬಾರ ಮನೆತನದ ಮಕ್ಕಳು ಇತರ ಮಕ್ಕಳಿಗಿಂತ ಮಣ್ಣಿನ ಸಂರಕ್ಷಣೆಯಲ್ಲಿ ಮುಂದಿದ್ದರು. ದಿನವಿಡೀ ಮಣ್ಣನ್ನು ಉಂಡೆ ಕಟ್ಟಿ, ಎಳೆದು, ಮತ್ತೆ ಉಂಡೆ ಮಾಡುವವರಿಗೆ ಅದು ತಿಳಿಯದಿದ್ದರೆ ಆಶ್ಚರ್ಯ. ಸೆನೆಗಲ್‌ನ ವೋಲೋಫ್ ಮಕ್ಕಳ ನಡುವೆ ಕೆಲಸ ಮಾಡಿದ ಪೆಟ್ರಿಶಿಯಾ ಗ್ರೀನ್‌ಫೀಲ್ಡ್ ಇನ್ನೂ ಕುತೂಹಲದ ಸಂಗತಿ ಕಂಡರು: ಪ್ರಯೋಗ ಮಾಡುವವರು ನೀರು ಸುರಿದಾಗ ಶಾಲೆಗೆ ಹೋಗದ ಕೆಲವು ಮಕ್ಕಳು, ಸುರಿದವರ ಕೈಯಲ್ಲೇ ಏನೋ ಮಾಯೆಯಿದೆ, ಅದರಿಂದ ನೀರು ಹೆಚ್ಚಾಯಿತು ಎಂಬಂಥ ವಿವರಣೆ ಕೊಟ್ಟರು, ಮಕ್ಕಳೇ ಸುರಿದಾಗ ಸರಿ ಉತ್ತರಗಳು ಏರಿದವು.

ಸಂರಕ್ಷಣೆಯನ್ನು ಕಲಿಸಬಹುದೆ?

ಅವಸರಪಡಿಸಿ ಪ್ರಯೋಜನವಿಲ್ಲ ಎಂಬುದು ಪಿಯಾಜೆಯ ಒಲವಾಗಿತ್ತು. 1969ರಲ್ಲಿ ರೊಶೆಲ್ ಗೆಲ್ಮನ್ ಐದು ವರ್ಷದ ಮಕ್ಕಳಿಗೆ ಉದ್ದ ಮತ್ತು ಸಂಖ್ಯೆಯ ಬಗ್ಗೆ, ಯಾವ ಅಂಶ ಮುಖ್ಯ ಎಂದು ಪ್ರತಿ ಉತ್ತರದ ನಂತರ ತಿಳಿಸುತ್ತಾ, ಹಲವು ಬಾರಿ ತರಬೇತಿ ಕೊಟ್ಟಾಗ ಅವರು ಅದರಲ್ಲಿ ಸುಧಾರಿಸಿದ್ದಷ್ಟೇ ಅಲ್ಲ, ಕಲಿಸದೇ ಇದ್ದ ನೀರು ಮತ್ತು ಮಣ್ಣಿನ ಪರೀಕ್ಷೆಯಲ್ಲೂ ಉತ್ತಮರಾದರು. ಆದ್ದರಿಂದ ಕಲಿಸಬಹುದು ಎಂಬುದು ನಿಜ. ಮೂರು ವರ್ಷದ ಮಗುವಿಗೂ ಕಲಿಸಬಹುದು ಎಂದು ಅದನ್ನು ಹಿಗ್ಗಿಸಬಾರದು.

ಹಂತಗಳ ಬದಲು ಇಂದು ಏನನ್ನು ಹೇಳುತ್ತಾರೆ?

ರಾಬರ್ಟ್ ಸೀಗ್ಲರ್ ಅವರ ವಿವರಣೆ ನನಗೆ ಹೆಚ್ಚು ಒಪ್ಪಿಗೆ. ಹಂತ ಎಂದರೆ ಮೆಟ್ಟಿಲು. ಸೀಗ್ಲರ್ ಅದನ್ನು ಒಂದರ ಮೇಲೊಂದು ಬಂದು ಬೀಳುವ ಅಲೆಗಳಿಗೆ ಹೋಲಿಸುತ್ತಾರೆ. ಒಂದೇ ವಾರದಲ್ಲಿ ಒಂದೇ ಮಗು ಒಂದು ಸಲ ಸಾಲಿನ ಉದ್ದ ನೋಡಿ, ಇನ್ನೊಂದು ಸಲ ಎಣಿಸಿ, ಮತ್ತೊಂದು ಸಲ "ಏನೂ ಸೇರಲಿಲ್ಲ" ಎಂದು ಉತ್ತರಿಸುತ್ತದೆ. ವಯಸ್ಸಾದಂತೆ ಬದಲಾಗುವುದು ಯಾವ ಉಪಾಯ ಎಷ್ಟು ಸಲ ಬರುತ್ತದೆ ಎಂಬ ಪ್ರಮಾಣ. ಐದು ವರ್ಷದ ಮಕ್ಕಳೊಡನೆ ಅವರು ಮಾಡಿದ, 1995ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹೆಚ್ಚು ಕಲಿತವರು ತಮ್ಮ ಉತ್ತರಕ್ಕೆ ಕಾರಣ ಕೊಟ್ಟವರಲ್ಲ. ಪ್ರಯೋಗ ಮಾಡುವವರು ಹೇಳಿದ ಸರಿ ಉತ್ತರವನ್ನು ಕೇಳಿ "ಅವರು ಹಾಗೆಂದದ್ದು ಹೇಗಿರಬಹುದು" ಎಂದು ತಾವೇ ವಿವರಿಸಲು ಹೊರಟವರು.

ಇನ್ನೊಂದು ದಿಕ್ಕಿನಿಂದ ಒಲಿವಿಯೆ ಊಡೆ, ಸಾಲು ಉದ್ದವಾದರೆ ಸಂಖ್ಯೆ ಹೆಚ್ಚು ಎಂಬ ಒಗ್ಗಿಹೋದ ಲೆಕ್ಕಾಚಾರವನ್ನು ತಡೆಹಿಡಿಯುವುದೇ ಮಗುವಿನ ಮುಖ್ಯ ತೊಡಕು ಎನ್ನುತ್ತಾರೆ. ಆ ಲೆಕ್ಕಾಚಾರ ಬಹುಪಾಲು ಸಲ ಸರಿಯೇ ಆಗಿರುತ್ತದೆ, ಅದರಿಂದಲೇ ಅದನ್ನು ಬಿಡುವುದು ಕಷ್ಟ. ತೂಕದ ಪ್ರಶ್ನೆಯಲ್ಲಿ ಎಂಟು ವರ್ಷದ ಮಗು ಎಡವುವುದಕ್ಕೂ ಇದು ಹೊಂದುತ್ತದೆ. ದಪ್ಪಗಿರುವುದು ಭಾರ ಎಂಬ ಲೆಕ್ಕಾಚಾರ ಸಂಖ್ಯೆಯದಕ್ಕಿಂತ ತಡವಾಗಿ ಸಡಿಲವಾಗುತ್ತದೆ.

ಏಳೂವರೆ ವರ್ಷದ ಮಗು ನೀರಿನ ಪರೀಕ್ಷೆಯಲ್ಲಿ ತಪ್ಪಿದರೆ ಆತಂಕಪಡಬೇಕೆ?

ಈ ಒಂದೇ ಉತ್ತರದಿಂದ ಪಡಬೇಕಿಲ್ಲ. ಇದು ರೋಗನಿರ್ಣಯದ ಸಾಧನವಲ್ಲ, ಮತ್ತು 7 ಎಂಬುದು ಗಡಿಯಲ್ಲ. ಮೊದಲು ಪರೀಕ್ಷೆಯನ್ನೇ ಅನುಮಾನಿಸಬೇಕು. "ಜಾಸ್ತಿ" ಎಂದರೆ ಮಗು ಎತ್ತರ ಎಂದೇ ತಿಳಿದಿದೆಯೋ ನೋಡಲು, ನೀರಿನ ಬದಲು ಕುಡಿಯಲು ಕೊಡುವ ಹಾಗೆ "ಯಾರಿಗೆ ಜಾಸ್ತಿ ಕುಡಿಯಲು ಸಿಗುತ್ತದೆ, ನಿನಗೋ ನನಗೋ, ಇಲ್ಲಾ ಇಬ್ಬರಿಗೂ ಅಷ್ಟೇನಾ?" ಎಂದು ಕೇಳಿ ನೋಡಬಹುದು. ಸುರಿಯುವ ಕೆಲಸವನ್ನು ಮಗುವಿಗೇ ಬಿಡಬಹುದು. ಬೇರೆ ದಿನ, ಬಿಲ್ಲೆಗಳೊಡನೆ ಅಥವಾ ಮಣ್ಣಿನೊಡನೆ ತಿರುಗಿ ಮಾಡಬಹುದು. ಕೊನೆಗೆ, ಉತ್ತರಕ್ಕಿಂತ ಕಾರಣವನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯದು. "ಇದು ಎತ್ತರ..." ಎಂದು ಶುರು ಮಾಡಿ, ತಡೆದು, "...ಆದರೆ ಅದು ಅಗಲ" ಎಂದು ಲೋಟಗಳನ್ನು ಮತ್ತೆ ಮತ್ತೆ ನೋಡುತ್ತಾ ಕುಳಿತ ಮಗುವಿನ ಹಾಳೆಯಲ್ಲಿ 'ತಪ್ಪು' ಎಂದಷ್ಟೇ ಗುರುತು ಹಾಕಿದರೆ, ಆ ಹೊತ್ತಿನಲ್ಲಿ ನಡೆಯುತ್ತಿರುವುದು ದಾಖಲೆಗೆ ಬರುವುದೇ ಇಲ್ಲ.